ಅಡುಗೆಮನೆ, ಉಗ್ರಾಣದಲ್ಲಿ ಇಲಿ, ಜಿರಳೆ, ನೊಣ: ಅನ್ನಕ್ಕೆ ವಿಷ ತಾಗದಂತೆ ನಿಯಂತ್ರಿಸುವುದು ಹೇಗೆ?

ಪುತ್ತೂರು: ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಪುತ್ತೂರು, ಸುಳ್ಯ, ಕಡಬ ಭಾಗದ ತೋಟದ ಮನೆಗಳಲ್ಲಿ ಹೊರಗಿದ್ದುದೆಲ್ಲ ಒಳಗೆ ಬರುತ್ತದೆ. ಅಂಗಳದ ಅಡಿಕೆ ಚೀಲ ಸೇರುತ್ತದೆ, ತೆಂಗಿನಕಾಯಿ ಅಟ್ಟ ಏರುತ್ತದೆ, ಕಟ್ಟಿಗೆ ಬಚ್ಚಲಿನ ಪಕ್ಕಕ್ಕೆ ಬರುತ್ತದೆ. ನೀರು ತುಂಬಿದ ಬಿಲ ಬಿಟ್ಟ ಇಲಿ, ಹೆಗ್ಗಣಗಳೂ ಒಣ ಜಾಗ ಅರಸಿ ಅದೇ ಉಗ್ರಾಣಕ್ಕೆ ಬರುತ್ತವೆ. ಕುಚ್ಚಲಕ್ಕಿ, ಬೇಳೆ, ಬೆಲ್ಲ, ಹಲಸಿನ ಹಪ್ಪಳಗಳ ಜೊತೆಗೆ ಕೊಳೆರೋಗದ ಔಷಧಿಗೆ ತಂದ ಮೈಲುತುತ್ತು, ಉಳಿದ ಕೀಟನಾಶಕದ ಬಾಟಲಿಗಳೂ ಹಲವು ಮನೆಗಳಲ್ಲಿ ಇರುವುದು ಅಲ್ಲಿಯೇ.

ಇಂತಹ ಕೋಣೆಯಲ್ಲಿ ಇಲಿಗಿಂತ ಇಲಿಗೆ ಇಟ್ಟ ವಿಷವೇ ಮನೆಯವರಿಗೆ ಹೆಚ್ಚು ಅಪಾಯಕಾರಿಯಾಗಬಹುದು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಸೇವಿಸಿದ 23 ಮಕ್ಕಳು ಮೃತಪಟ್ಟಿದ್ದರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೃಷಿ ಕೀಟನಾಶಕ ಬೆರೆತಿದ್ದುದು ಪರೀಕ್ಷೆಯಲ್ಲಿ ಕಂಡುಬಂದಿತ್ತು. ಆದ್ದರಿಂದ ಅಡುಗೆಮನೆ ಮತ್ತು ಉಗ್ರಾಣದ ಕ್ರಮ ವಿಷ ಇಡುವುದರಿಂದಲ್ಲ, ಇರುವ ವಿಷವನ್ನು ಹೊರಗೆ ಸಾಗಿಸುವುದರಿಂದ ಆರಂಭವಾಗಬೇಕು.

ಮೊದಲು ಹೊರಹೋಗಬೇಕಾದವು

ಮೈಲುತುತ್ತು, ಕಳೆನಾಶಕ, ಕೀಟನಾಶಕ, ಸಿಂಪಡಣೆ ಪಂಪು, ಅಳತೆ ಲೋಟ ಇವೆಲ್ಲವನ್ನೂ ಮನೆಯಿಂದ ಬೇರೆಯಾದ ಕೊಟ್ಟಿಗೆಯಲ್ಲಿ ಬೀಗವಿರುವ ಪೆಟ್ಟಿಗೆಗೆ ವರ್ಗಾಯಿಸಬೇಕು. ಮೂಲ ಬಾಟಲಿಯಿಂದ ಬೇರೆ ಬಾಟಲಿಗೆ ಸುರಿಯಬಾರದು. ಖಾಲಿ ಡಬ್ಬವನ್ನು ತೊಳೆದು ಎಣ್ಣೆಗೋ ಉಪ್ಪಿಗೋ ಬಳಸುವುದಂತೂ ಸಲ್ಲದು.

ಹಳೆಯ ದಾಸ್ತಾನಿನಲ್ಲಿ ಎರಡು ಹೆಸರುಗಳನ್ನು ಹುಡುಕಿ ನೋಡುವುದು ಒಳ್ಳೆಯದು. ಜಿರಳೆ, ನೊಣಗಳಿಗೆ ಹಿಂದೆ ಧಾರಾಳವಾಗಿ ಸಿಂಪಡಿಸುತ್ತಿದ್ದ ಡೈಕ್ಲೋರ್ವಾಸ್ ಹಾಗೂ ಕೃಷಿಯಲ್ಲಿ ಬಳಕೆಯಲ್ಲಿದ್ದ ಫೋರೇಟ್ ಹರಳು, ಇವೆರಡನ್ನೂ ಕೇಂದ್ರ ಸರಕಾರ 2018ರ ಆದೇಶದ ಮೂಲಕ 2020ರ ಡಿಸೆಂಬರ್ 31ರಿಂದ ಸಂಪೂರ್ಣ ನಿಷೇಧಿಸಿದೆ. ಉಳಿದಿರುವುದನ್ನು ಮನೆಯೊಳಗೆ ಬಳಸುವುದಾಗಲಿ, ತೋಡಿಗೆ ಸುರಿಯುವುದಾಗಲಿ ಸರಿಯಲ್ಲ. ವಿಲೇವಾರಿ ಬಗ್ಗೆ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

ಅಕ್ಕಿಯ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇನ್ನೂ ಅಪಾಯಕಾರಿ. ಗಾಳಿಯ ತೇವಾಂಶ ತಾಗಿದೊಡನೆ ಅದು ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತದೆ. ಉಗ್ರಾಣಕ್ಕೆ ತಾಗಿಕೊಂಡ ಮಲಗುವ ಕೋಣೆಗೆ ಈ ಅನಿಲ ಸಂದಿಗಳ ಮೂಲಕ ಹರಿಯಬಲ್ಲದು. ಇದು ಗೋದಾಮುಗಳಲ್ಲಿ ತರಬೇತಿ ಪಡೆದವರು ಮಾತ್ರ ಬಳಸಬೇಕಾದ ವಸ್ತು, ಮನೆಬಳಕೆಗೆ ಇದಕ್ಕೆ ಅನುಮತಿಯಿಲ್ಲ.

ಇಲಿ: ವಿಷಕ್ಕಿಂತ ಬೋನು ಲೇಸು

ಬಂದಿರುವುದು ಯಾವುದು ಎಂಬುದನ್ನು ಹಿಕ್ಕೆಯೇ ಹೇಳುತ್ತದೆ. ಅಕ್ಕಿಕಾಳಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಸಣ್ಣ ಇಲಿ. ಒಂದು ಸೆಂಟಿಮೀಟರಿಗಿಂತ ಉದ್ದವಾಗಿದ್ದು ಅಟ್ಟ, ಪಕ್ಕಾಸುಗಳ ಮೇಲೆ ಸಿಕ್ಕಿದರೆ ಮಾಡಿನಲ್ಲಿ ಓಡಾಡುವ ದೊಡ್ಡ ಇಲಿ. ಗೋಡೆ ಬುಡದಲ್ಲಿ ಮಣ್ಣಿನ ರಾಶಿ ಕಂಡರೆ ಹೆಗ್ಗಣ. ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ ಆರು ಮಿಲಿಮೀಟರ್ ಸಂದಿ ಸಾಕು. ದೊಡ್ಡ ಇಲಿಗೆ ಹೆಬ್ಬೆರಳು ತೂರುವಷ್ಟು ತೂತು ಬೇಕು.

ತೂತು ಬಳಕೆಯಲ್ಲಿದೆಯೇ ಎಂದು ತಿಳಿಯಲು ಅದಕ್ಕೆ ಸುದ್ದಿಪತ್ರಿಕೆಯ ಹಾಳೆಯನ್ನು ಮೆಲ್ಲಗೆ ತುರುಕಿ ಮೂರು ದಿನ ಬಿಡಬೇಕು. ಹಾಳೆ ಹಾಗೆಯೇ ಇದ್ದರೆ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ತುಂಬಿ ಮೇಲೆ ಸಿಮೆಂಟ್ ಮೆತ್ತಬಹುದು. ಹಾಳೆ ಹರಿದಿದ್ದರೆ ಅದೇ ದಾರಿಯ ಪಕ್ಕದಲ್ಲಿ ಬೋನು ಇಟ್ಟು, ಓಡಾಟ ನಿಂತ ಬಳಿಕ ಮುಚ್ಚಬೇಕು. ಬಾಗಿಲ ಅಡಿಗೆ ತಗಡಿನ ಪಟ್ಟಿ, ಹೆಂಚಿನ ಮಾಡು ಗೋಡೆಗೆ ಸೇರುವಲ್ಲಿ ಸಣ್ಣ ಕಣ್ಣಿನ ತಂತಿ ಬಲೆ, ಮಾಡಿಗೆ ತಾಗುವ ಗೆಲ್ಲುಗಳ ಸವರುವಿಕೆ, ಇವು ಇಲ್ಲದಿದ್ದರೆ ಹಿಡಿದಷ್ಟೂ ಹೊಸ ಇಲಿ ಬರುತ್ತಲೇ ಇರುತ್ತದೆ.

ದೊಡ್ಡ ಇಲಿ ಹೊಸ ವಸ್ತುವನ್ನು ಕಂಡರೆ ಕೆಲವು ದಿನ ದೂರವಿರುತ್ತದೆ. ಮೊದಲ ರಾತ್ರಿಯೇ ಬೋನು ಕಟ್ಟಿಟ್ಟು, ಇಲಿ ಬೀಳಲಿಲ್ಲವೆಂದು ಎತ್ತಿಡುವವರು ಸೋಲುವುದು ಇದರಿಂದಲೇ. ಸುಟ್ಟ ಕೊಬ್ಬರಿ ಚೂರು ಅಥವಾ ಒಣಮೀನಿನ ತುಂಡು ಇರಿಸಿ, ಬೋನನ್ನು ಕಟ್ಟದೆ ಮೂರು–ನಾಲ್ಕು ರಾತ್ರಿ ಗೋಡೆಗೆ ತಾಗಿಸಿ ಬಿಡಬೇಕು. ತಿಂಡಿ ಖಾಲಿಯಾಗತೊಡಗಿದ ಮೇಲೆ ಎಲ್ಲ ಬೋನುಗಳನ್ನೂ ಒಂದೇ ರಾತ್ರಿ ಕಟ್ಟಬೇಕು.

ವಿಷ ತಿಂದ ಇಲಿ ಅಟ್ಟದ ಮೂಲೆಯಲ್ಲೋ ಗೋಡೆಯ ಸಂದಿನಲ್ಲೋ ಸಾಯುತ್ತದೆ. ಮಳೆಗಾಲದಲ್ಲಿ ಆ ದುರ್ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ಅದರ ಬೆನ್ನಿಗೇ ನೊಣ ಬರುತ್ತದೆ. ಬೋನಿನಲ್ಲಿ ಈ ತೊಂದರೆಯಿಲ್ಲ. ಅನಿವಾರ್ಯವಾದರೆ ಬ್ರೊಮಾಡಿಯೊಲೋನ್ ಬಿಲ್ಲೆಯನ್ನು ಮನೆಯ ಹೊರಗೆ, ಬೀಗವಿರುವ ವಿಷಪೆಟ್ಟಿಗೆಯಲ್ಲಿ ತಂತಿಯಿಂದ ಬಿಗಿದು ಮಾತ್ರ ಇಡಬೇಕು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಿಷ. ಸತ್ತ ಇಲಿಯನ್ನು ತಿಂದ ನಾಯಿ, ಬೆಕ್ಕು, ಗೂಬೆಗಳಿಗೂ ಅದರಿಂದ ಅಪಾಯವಿದೆ. ದೋಸೆ ಚೂರಿಗೋ ಕೊಬ್ಬರಿಗೋ ಸವರಿಡುವ ಹಳದಿ ರಂಜಕದ ಪೇಸ್ಟ್ ಮನೆಗೆ ಬರಲೇಬಾರದು. ಅದು ಮನುಷ್ಯರ ಯಕೃತ್ತನ್ನು ನಾಶ ಮಾಡುತ್ತದೆ, ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.

ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಬಾರದು. ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಭಾಗ ನೀರು ಬೆರೆಸಿ ಸುರಿದು, ಐದು ನಿಮಿಷ ಬಿಟ್ಟು, ಕೈಗವಸು ಹಾಕಿ ಬಟ್ಟೆಯಿಂದ ಒರೆಸಬೇಕು. ದಕ್ಷಿಣ ಕನ್ನಡದಲ್ಲಿ ಮಳೆಗಾಲದ ಇಲಿಜ್ವರ ಇಲಿಯ ಮೂತ್ರದಿಂದ ಹರಡುತ್ತದೆ. ಇಲಿ ಕಡಿದ ಚೀಲದ ಅಕ್ಕಿಯಲ್ಲಿ ಮೂತ್ರ ಎಲ್ಲಿಯವರೆಗೆ ಇಳಿದಿದೆ ಎಂದು ಕಣ್ಣಿಗೆ ಕಾಣದ ಕಾರಣ ಅದನ್ನು ಊಟಕ್ಕೆ ಬಳಸದಿರುವುದೇ ಸುರಕ್ಷಿತ.

ಜಿರಳೆ: ಸಿಂಪಡಣೆ ಬೇಡ, ಚುಕ್ಕೆ ಸಾಕು

ಬಚ್ಚಲು, ಚರಂಡಿ, ಕಟ್ಟಿಗೆ ರಾಶಿಯಿಂದ ಬರುವುದು ದೊಡ್ಡ ಕೆಂಪು ಜಿರಳೆ. ರಾತ್ರಿ ಚರಂಡಿಯ ಬಾಯಿಗೆ ಜಾಲರಿ ಮುಚ್ಚಿ, ಕಟ್ಟಿಗೆಯನ್ನು ಗೋಡೆಯಿಂದ ದೂರವಿಟ್ಟರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಪೇಟೆಯ ಮನೆಗಳ ನಿಜವಾದ ಪೀಡೆ ಒಂದೂವರೆ ಸೆಂಟಿಮೀಟರ್ ಮೀರದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ಸಣ್ಣ ಜಿರಳೆ. ಅದು ದಿನಸಿಯ ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಸೇರಿ, ಫ್ರಿಜ್‌ನ ಮೋಟರ್, ಮಿಕ್ಸಿಯ ತಳ, ಕಪಾಟಿನ ತಿರುಗಣಿಗಳ ಬಿಸುಪಿನಲ್ಲಿ ಬೀಡುಬಿಡುತ್ತದೆ. ಹೆಣ್ಣು ಜಿರಳೆ 30–40 ಮೊಟ್ಟೆಗಳಿರುವ ಚೀಲವನ್ನು ಮರಿಯಾಗುವ ಹೊತ್ತಿನವರೆಗೆ ಮೈಯಲ್ಲೇ ಹೊತ್ತಿರುತ್ತದೆ.

ಸ್ಪ್ರೇ ಹೊಡೆದರೆ ಎದುರಿದ್ದವು ಸಾಯುತ್ತವೆ, ಉಳಿದವು ಚದುರಿ ಪಕ್ಕದ ಕೋಣೆ ಸೇರುತ್ತವೆ. ಚೀಲದೊಳಗಿನ ಮೊಟ್ಟೆಗೆ ವಿಷ ಸುಲಭವಾಗಿ ಇಳಿಯುವುದಿಲ್ಲ. ಹನಿಗಳು ಮಾತ್ರ ತಟ್ಟೆ, ಚಮಚ, ಒಲೆಕಟ್ಟೆಯ ಮೇಲೆ ಕೂರುತ್ತವೆ. ಇದರ ಬದಲು ಫಿಪ್ರೊನಿಲ್ ಅಥವಾ ಇಮಿಡಾಕ್ಲೊಪ್ರಿಡ್ ಇರುವ ಜೆಲ್ಲನ್ನು ಮಸೂರದ ಬೇಳೆಯಷ್ಟು ಗಾತ್ರದ ಚುಕ್ಕೆಗಳಾಗಿ ತಿರುಗಣಿಯ ಹಿಂದೆ, ಸಿಂಕ್ ಕೆಳಗೆ, ಫ್ರಿಜ್ ಹಿಂದೆ ಇಡಬೇಕು. ಪಾತ್ರೆ, ಆಹಾರ ತಾಗುವ ಕಡೆ ಇಡಬಾರದು. ಜೆಲ್ ತಿಂದು ಗೂಡಿಗೆ ಮರಳಿದ ಜಿರಳೆಯ ಹಿಕ್ಕೆ, ಹೆಣಗಳನ್ನು ತಿಂದು ಮತ್ತಷ್ಟು ಸಾಯುತ್ತವೆ. ಅಲ್ಲಿಗೆ ಸ್ಪ್ರೇ ಅಥವಾ ಫಿನಾಯಿಲ್ ಸೋಕಿದರೆ ಜಿರಳೆ ಜೆಲ್ಲನ್ನು ಮುಟ್ಟುವುದಿಲ್ಲ. ರಾತ್ರಿ ಎಂಜಲು ತಟ್ಟೆ, ಸಿಂಕಿನ ನೀರು ಉಳಿದರೂ ಜೆಲ್ ಸೋಲುತ್ತದೆ. ಜಿರಳೆಗೆ ಗೆರೆ ಎಳೆಯುವ ಸೀಮೆಸುಣ್ಣದಂತಹ ವಿಷವನ್ನು ಮಕ್ಕಳು ಬಳಪವೆಂದೇ ತಿಳಿಯುತ್ತಾರೆ, ಅದನ್ನು ತರದಿರುವುದೇ ಒಳ್ಳೆಯದು.

ನೊಣ: ಹುಟ್ಟುವ ಜಾಗ ಹೊರಗೆ

ನೊಣ ಅಡುಗೆಮನೆಯಲ್ಲಿ ಕಂಡರೂ ಹುಟ್ಟುವುದು ಹಟ್ಟಿಯ ಸೆಗಣಿ, ಹಲಸಿನ ರಚ್ಚೆ, ತ್ಯಾಜ್ಯದ ಬುಟ್ಟಿಯಲ್ಲಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ನೊಣವಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ಹಟ್ಟಿಯನ್ನು ದಿನವೂ ತೊಳೆದು, ಸೆಗಣಿಯನ್ನು ಗೋಬರ್ ಗ್ಯಾಸ್ ಗುಂಡಿಗೆ ಹಾಕಬೇಕು. ಹಣ್ಣಿನ ಕಸವನ್ನು ಅಂದಂದೇ ಗೊಬ್ಬರಗುಂಡಿಗೆ ಹಾಕಿ ಅರ್ಧ ಅಡಿ ಮಣ್ಣು ಮುಚ್ಚಬೇಕು. ಅಡುಗೆಮನೆ ಕಿಟಕಿಗೆ ಸೊಳ್ಳೆ ಪರದೆಯ ಜಾಲರಿ ಹಾಕಿದರೆ ಒಳಗೆ ಮತ್ತೊಂದು ವಿಷ ಬೇಕಿಲ್ಲ. ಸಕ್ಕರೆ ಹರಳಿನಂತೆ ಕಾಣುವ ನೊಣದ ವಿಷವನ್ನು ಸಕ್ಕರೆ ಡಬ್ಬಿಯಿರುವ ಕೋಣೆಯಲ್ಲಿ ಎಂದೂ ಇಡಬಾರದು.

ಮೂರು ವಾರದ ಕ್ರಮ

ಒಂದು ಹೆಂಚಿನ ಮನೆಯ ಉಗ್ರಾಣದಲ್ಲಿ ನಾಲ್ಕು ಚೀಲ ಅಕ್ಕಿ, ಅಟ್ಟದಲ್ಲಿ ತೆಂಗಿನಕಾಯಿ, ಪಕ್ಕದಲ್ಲಿ ಅಡುಗೆಮನೆ ಇದೆ ಎಂದಿಟ್ಟುಕೊಳ್ಳೋಣ.

ಮೊದಲ ದಿನ ವಿಷದ ವಸ್ತುಗಳನ್ನು ಕೊಟ್ಟಿಗೆಗೆ ಸಾಗಿಸಿ, ಬೇಳೆ, ಹಿಟ್ಟು, ಹಪ್ಪಳಗಳನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ತುಂಬಬೇಕು. ಅಕ್ಕಿ ಚೀಲಗಳನ್ನು ಹಲಗೆಯ ಮೇಲೆ, ನೆಲದಿಂದಲೂ ಗೋಡೆಯಿಂದಲೂ ಒಂದು ಗೇಣು ಬಿಟ್ಟು ಇಡಬೇಕು. ಆ ಸಂದಿನಲ್ಲಿ ಇಲಿ ಓಡಾಡಿದರೆ ಹಿಕ್ಕೆ ಕಣ್ಣಿಗೆ ಬೀಳುತ್ತದೆ. ಅಂದೇ ತೂತುಗಳಿಗೆ ಕಾಗದ ತುರುಕಿ, ಆರು ಬೋನುಗಳನ್ನು ಕಟ್ಟದೆ ಇಟ್ಟು, ಅಡುಗೆಮನೆಯ ನಾಲ್ಕು ಕಡೆ ಜಿರಳೆ ಎಣಿಸಲು ಅಂಟು ಕಾರ್ಡ್ ಇಡಬೇಕು.

ನಾಲ್ಕನೆಯ ದಿನ ಕಾಗದ ಹರಿಯದ ತೂತುಗಳನ್ನು ಮುಚ್ಚಿ, ಸಂಜೆ ಬೋನು ಕಟ್ಟಬೇಕು. ಕಾರ್ಡ್‌ನಲ್ಲಿ ಹೆಚ್ಚು ಜಿರಳೆ ಬಿದ್ದಿರುವ ಕಡೆಯೇ ಜೆಲ್ ಚುಕ್ಕೆ ಇಡಬೇಕು. ಫ್ರಿಜ್ ಹಿಂದಿನ ಕಾರ್ಡ್‌ನಲ್ಲಿ 20, ಬಾಗಿಲ ಬಳಿ 2 ಇದ್ದರೆ ಗೂಡು ಫ್ರಿಜ್ ಹತ್ತಿರ ಎಂದರ್ಥ. ಬೋನುಗಳನ್ನು ಪ್ರತಿದಿನ ಬೆಳಗ್ಗೆ ನೋಡಿ, ಸತತ ಐದು ರಾತ್ರಿ ಏನೂ ಬೀಳದಿದ್ದರೆ ಉಳಿದ ತೂತುಗಳನ್ನೂ ಮುಚ್ಚಬೇಕು.

ಮೂರನೆಯ ವಾರ ಹೊಸ ಕಾರ್ಡ್ ಇಟ್ಟು ಎಣಿಸಿ, ಒಣಗಿದ ಜೆಲ್ಲನ್ನು ಕೆರೆದು ಬದಲಿಸಬೇಕು. ಮೊಟ್ಟೆಯಿಂದ ಹೊರಬಂದ ಮರಿಗಳು ಸಿಗುವುದು ಈ ಎರಡನೆಯ ಸುತ್ತಿನಲ್ಲಿಯೇ. ಎಣಿಕೆ ಅರ್ಧಕ್ಕೂ ಇಳಿಯದಿದ್ದರೆ ವಿಷ ಹೆಚ್ಚಿಸುವ ಬದಲು ರಾತ್ರಿ ಉಳಿಯುವ ಆಹಾರ ಮತ್ತು ನೀರು ಎಲ್ಲಿದೆ ಎಂದು ಹುಡುಕಬೇಕು. ಆನಂತರ ತಿಂಗಳಿಗೊಮ್ಮೆ ಕಾರ್ಡ್, ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಿಕ್ಕೆಯ ತಪಾಸಣೆ ಸಾಕು.

ವಿಷ ಹೊಟ್ಟೆ ಸೇರಿದರೆ

ವಾಂತಿ ಮಾಡಿಸುವುದು, ಉಪ್ಪುನೀರು, ಹಾಲು ಅಥವಾ ಎಣ್ಣೆ ಕುಡಿಸುವುದು ತಪ್ಪು. 108ಕ್ಕೆ ಕರೆ ಮಾಡಿ, ವಿಷದ ಡಬ್ಬ ಅಥವಾ ಪೊಟ್ಟಣದೊಂದಿಗೆ ಆಸ್ಪತ್ರೆಗೆ ಧಾವಿಸಬೇಕು. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಇಲಿ ಪೇಸ್ಟ್ ತಿಂದವರು ಮೊದಲ ವಾಂತಿಯ ಬಳಿಕ ಒಂದೆರಡು ದಿನ ಚೇತರಿಸಿಕೊಂಡಂತೆ ಕಾಣಬಹುದು. ಯಕೃತ್ತು ಕೆಡುವುದು ಆ ಅವಧಿಯಲ್ಲೇ. ಆದ್ದರಿಂದ ರೋಗಿ ಆರಾಮವಾಗಿದ್ದಾರೆಂದು ಮನೆಗೆ ಕರೆತರದೆ, ವೈದ್ಯರು ಹೇಳುವವರೆಗೂ ಆಸ್ಪತ್ರೆಯಲ್ಲೇ ಇರಿಸಬೇಕು.