ಭಾರವಾದ ಪ್ರೊಪೆಲ್ಲರ್ ಉಳ್ಳ ವಿಮಾನದಲ್ಲಿ ಗೈರೋಸ್ಕೋಪಿಕ್ ಟಾರ್ಕ್: ಮೂತಿಯು ಯಾವ ಕಡೆಗೆ ಸರಿಯುತ್ತದೆ

ಪೈಲಟ್ ಲೈಸೆನ್ಸ್‌ಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ

1. ಪೀಠಿಕೆ

ತಿರುಗುತ್ತಿರುವ ಪ್ರೊಪೆಲ್ಲರ್ ಒಂದು ದೊಡ್ಡ ಬುಗುರಿಯಂತೆ ವರ್ತಿಸುತ್ತದೆ. ಬುಗುರಿಯ ಅಕ್ಷವನ್ನು ಒಂದು ದಿಕ್ಕಿಗೆ ಓರೆ ಮಾಡಲು ಯತ್ನಿಸಿದಾಗ ಅದು ಆ ದಿಕ್ಕಿಗೆ ಬಾಗದೆ ಅದಕ್ಕೆ ಅಡ್ಡಲಾದ ದಿಕ್ಕಿಗೆ ಸರಿಯುವುದನ್ನು ಎಲ್ಲರೂ ಕಂಡಿರುತ್ತಾರೆ. ಇದೇ ಕಾರಣದಿಂದ ಪೈಲಟ್ ವಿಮಾನದ ಮೂತಿಯನ್ನು ಮೇಲಕ್ಕೆ ಅಥವಾ ಕೆಳಕ್ಕೆ ತಂದಾಗ ಅದು ಪಕ್ಕಕ್ಕೆ ತಿರುಗಲು ಯತ್ನಿಸುತ್ತದೆ. ಪಕ್ಕಕ್ಕೆ ತಿರುಗಿಸಿದಾಗ ಮೇಲಕ್ಕೆ ಅಥವಾ ಕೆಳಕ್ಕೆ ಹೋಗಲು ಯತ್ನಿಸುತ್ತದೆ. ಹೀಗೆ ಉಂಟಾಗುವ ತಿರುಚುವಿಕೆಗೆ ಗೈರೋಸ್ಕೋಪಿಕ್ ಟಾರ್ಕ್ ಎಂದು ಹೆಸರು.

ಬಾಲಚಕ್ರವುಳ್ಳ ವಿಮಾನದಲ್ಲಿ ತರಬೇತಿ ಪಡೆಯುವವರಿಗೆ ಈ ಟಾರ್ಕಿನ ದಿಕ್ಕು ಮುಂಚಿತವಾಗಿಯೇ ತಿಳಿದಿರಬೇಕು. ರನ್‌ವೇಯಲ್ಲಿ ಓಡುತ್ತಿರುವಾಗ ಬಾಲವನ್ನು ಎತ್ತಿದ ಕ್ಷಣದಲ್ಲಿ ಮೂತಿಯು ಪಕ್ಕಕ್ಕೆ ಸರಿಯುತ್ತದೆ. ಆಗ ತಪ್ಪು ಪೆಡಲನ್ನು ಒತ್ತಿದರೆ ವಿಮಾನವು ರನ್‌ವೇಯಿಂದ ಹೊರಗೆ ಹೋಗುವ ಅಥವಾ ನೆಲದ ಮೇಲೆಯೇ ಗಿರಕಿ ಹೊಡೆದು ರೆಕ್ಕೆ ನೆಲಕ್ಕೆ ತಾಗುವ ಅಪಾಯವಿರುತ್ತದೆ.

2. ದಿಕ್ಕನ್ನು ತಿಳಿಯುವ ನಿಯಮ

ಪ್ರೊಪೆಲ್ಲರ್ ತಿರುಗುವ ವೃತ್ತವನ್ನು ಒಂದು ತಟ್ಟೆ ಎಂದು ಭಾವಿಸಿಕೊಳ್ಳುವುದು. ಮೂತಿಯ ಚಲನೆಯಿಂದ ಈ ತಟ್ಟೆಯ ಯಾವ ಅಂಚು ಮುಂದಕ್ಕೆ ನೂಕಲ್ಪಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಆ ನೂಕಿನ ಪರಿಣಾಮವು ಅದೇ ಅಂಚಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಪ್ರೊಪೆಲ್ಲರ್ ತಿರುಗುವ ದಿಕ್ಕಿನಲ್ಲಿಯೇ ಕಾಲು ಸುತ್ತು, ಅಂದರೆ 90 ಡಿಗ್ರಿ ಮುಂದೆ ಇರುವ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಕಾರಣ ಸರಳವಾದುದು. ವೃತ್ತದ ಮೇಲ್ಭಾಗವನ್ನು ದಾಟುತ್ತಿರುವ ಅಲಗಿಗೆ ಮುಂದಕ್ಕೆ ನೂಕು ದೊರೆತಾಗ ಅದು ತಕ್ಷಣ ಸ್ಥಳ ಬದಲಿಸುವುದಿಲ್ಲ. ಅದಕ್ಕೆ ಮುಂದಕ್ಕೆ ಸಾಗುವ ವೇಗ ಮಾತ್ರ ಬರುತ್ತದೆ. ಆ ವೇಗದಿಂದ ಅಲಗು ಮುಂದೆ ಸರಿಯುತ್ತಿರುವಾಗಲೇ ಸುತ್ತುತ್ತಲೂ ಇರುವುದರಿಂದ, ಅದು ಅತಿ ಹೆಚ್ಚು ಮುಂದೆ ಬರುವುದು ಕಾಲು ಸುತ್ತಿನ ನಂತರ. ಹೀಗೆ ಮೇಲ್ಭಾಗದಲ್ಲಿ ಕೊಟ್ಟ ನೂಕಿನ ಫಲ ಪಕ್ಕದಲ್ಲಿ ದೊರೆಯುತ್ತದೆ.

ಪೈಲಟ್ ಆಸನದಿಂದ ನೋಡಿದಾಗ ಪ್ರೊಪೆಲ್ಲರ್ ಪ್ರದಕ್ಷಿಣವಾಗಿ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತಿದ್ದರೆ ಫಲಿತಾಂಶವು ಈ ಕೆಳಕಂಡಂತೆ ಇರುತ್ತದೆ:

- ಮೂತಿಯನ್ನು ಕೆಳಕ್ಕೆ ತಂದರೆ, ಅದು ಎಡಕ್ಕೆ ಸರಿಯುತ್ತದೆ.
- ಮೂತಿಯನ್ನು ಮೇಲಕ್ಕೆ ಎತ್ತಿದರೆ, ಅದು ಬಲಕ್ಕೆ ಸರಿಯುತ್ತದೆ.
- ಮೂತಿಯನ್ನು ಬಲಕ್ಕೆ ತಿರುಗಿಸಿದರೆ, ಅದು ಕೆಳಕ್ಕೆ ಇಳಿಯುತ್ತದೆ.
- ಮೂತಿಯನ್ನು ಎಡಕ್ಕೆ ತಿರುಗಿಸಿದರೆ, ಅದು ಮೇಲಕ್ಕೆ ಏಳುತ್ತದೆ.

ಈ ನಾಲ್ಕನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೊದಲನೆಯದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೂತಿ ಕೆಳಕ್ಕೆ ಹೋಗುವಾಗ ತಟ್ಟೆಯ ಮೇಲಿನ ಅಂಚು ಮುಂದಕ್ಕೆ ನೂಕಲ್ಪಡುತ್ತದೆ. ಪ್ರದಕ್ಷಿಣವಾಗಿ ಕಾಲು ಸುತ್ತು ಮುಂದೆ ಹೋದರೆ ಬಲ ಅಂಚು ಸಿಗುತ್ತದೆ. ಬಲ ಅಂಚು ಮುಂದಕ್ಕೆ ಬಂದರೆ ಮೂತಿಯು ಎಡಕ್ಕೆ ನೋಡುತ್ತದೆ. ಉಳಿದ ಮೂರನ್ನೂ ಇದೇ ಕ್ರಮದಲ್ಲಿ ಪಡೆಯಬಹುದು.

3. ಬಾಲ ಎತ್ತುವ ಸಂದರ್ಭ: ಒಂದು ಲೆಕ್ಕ

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ನಿರ್ಮಿಸಿ 1958ರಲ್ಲಿ ಮೊದಲ ಬಾರಿಗೆ ಹಾರಿಸಿದ ಪುಷ್ಪಕ್ ಬಾಲಚಕ್ರವುಳ್ಳ ವಿಮಾನವಾಗಿದ್ದು, ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ತರಬೇತಿಗೆ ಬಳಕೆಯಾಯಿತು. ಇಂತಹ ವಿಮಾನವು ನೆಲದ ಮೇಲೆ ಮೂತಿ ಎತ್ತಿ, ಬಾಲ ಊರಿ ನಿಂತಿರುತ್ತದೆ. ಓಟದಲ್ಲಿ ವೇಗ ಬಂದ ಮೇಲೆ ಪೈಲಟ್ ನಿಯಂತ್ರಣ ದಂಡವನ್ನು ಮುಂದಕ್ಕೆ ಒತ್ತಿ ಬಾಲವನ್ನು ಎತ್ತುತ್ತಾನೆ. ಆಗ ಮೂತಿ ಕೆಳಕ್ಕೆ ಬರುತ್ತದೆ. ಪ್ರೊಪೆಲ್ಲರ್ ಪ್ರದಕ್ಷಿಣವಾಗಿದ್ದರೆ ಮೂತಿ ಎಡಕ್ಕೆ ಸರಿಯುತ್ತದೆ. ಅದನ್ನು ತಡೆಯಲು ಬಲ ರಡ್ಡರ್ ಪೆಡಲನ್ನು ಒತ್ತಬೇಕಾಗುತ್ತದೆ.

ಟಾರ್ಕಿನ ಪ್ರಮಾಣವನ್ನು ಈ ಸೂತ್ರದಿಂದ ಪಡೆಯಬಹುದು:

T = I × ω × Ω

ಇಲ್ಲಿ I ಎಂಬುದು ಪ್ರೊಪೆಲ್ಲರಿನ ಜಡತ್ವ ಭ್ರಾಮಕ, ω ಎಂಬುದು ಅದು ಸುತ್ತುವ ಕೋನೀಯ ವೇಗ, Ω ಎಂಬುದು ವಿಮಾನದ ಮೂತಿ ತಿರುಗುವ ಕೋನೀಯ ವೇಗ.

ಲೆಕ್ಕಕ್ಕಾಗಿ 20 ಕಿಲೋಗ್ರಾಂ ತೂಕದ, 2 ಮೀಟರ್ ಉದ್ದದ ಎರಡು ಅಲಗಿನ ಲೋಹದ ಪ್ರೊಪೆಲ್ಲರ್ ಒಂದನ್ನು ಊಹಿಸಿಕೊಳ್ಳೋಣ. ತೂಕವು ಉದ್ದಕ್ಕೂ ಸಮನಾಗಿ ಹಂಚಿಕೆಯಾಗಿದೆ ಎಂದಿಟ್ಟುಕೊಂಡರೆ ಅದರ ಜಡತ್ವ ಭ್ರಾಮಕ ಸುಮಾರು 6.7 ಕಿಲೋಗ್ರಾಂ ಚದರ ಮೀಟರ್. ನಿಮಿಷಕ್ಕೆ 2400 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 251 ರೇಡಿಯನ್. ಪೈಲಟ್ ಅವಸರದಿಂದ 1 ಸೆಕೆಂಡಿನಲ್ಲಿ ಮೂತಿಯನ್ನು 12 ಡಿಗ್ರಿ ಇಳಿಸಿದನೆಂದರೆ ಅದು ಸೆಕೆಂಡಿಗೆ 0.21 ರೇಡಿಯನ್ ಆಗುತ್ತದೆ. ಮೂರನ್ನೂ ಗುಣಿಸಿದಾಗ ಟಾರ್ಕ್ ಸುಮಾರು 350 ನ್ಯೂಟನ್ ಮೀಟರ್ ಎಂದು ಬರುತ್ತದೆ. ರಡ್ಡರ್ ವಿಮಾನದ ಗುರುತ್ವ ಕೇಂದ್ರದಿಂದ 5 ಮೀಟರ್ ಹಿಂದಿದ್ದರೆ, ಬಾಲವನ್ನು ಸುಮಾರು 7 ಕಿಲೋಗ್ರಾಂ ಭಾರದಷ್ಟು ಪಕ್ಕಕ್ಕೆ ತಳ್ಳಿದಂತಾಗುತ್ತದೆ.

ಅದೇ 12 ಡಿಗ್ರಿಯನ್ನು 3 ಸೆಕೆಂಡಿನಲ್ಲಿ ನಿಧಾನವಾಗಿ ಇಳಿಸಿದರೆ ಟಾರ್ಕ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಾಲದ ಮೇಲಿನ ತಳ್ಳುವಿಕೆ ಸುಮಾರು 2.4 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಪ್ರೊಪೆಲ್ಲರಿನ ತೂಕವನ್ನು ಬದಲಿಸುವುದು ಪೈಲಟ್‌ನ ಕೈಯಲ್ಲಿಲ್ಲ, ಆದರೆ ಬಾಲ ಎತ್ತುವ ವೇಗ ಅವನ ಕೈಯಲ್ಲಿಯೇ ಇದೆ. ವೇಗ ಕಡಿಮೆ ಇರುವಾಗ ರಡ್ಡರಿನ ಮೇಲೆ ಹಾಯುವ ಗಾಳಿಯೂ ಕಡಿಮೆ ಇರುವುದರಿಂದ, ಬಾಲವನ್ನು ಬೇಗನೆ ಹಾಗೂ ರಭಸದಿಂದ ಎತ್ತಬಾರದೆಂದು ಬೋಧಕರು ಹೇಳುತ್ತಾರೆ.

ಮೇಲ್ಕಂಡ ಅಂಕಿಯು ಸರಾಸರಿಯಾಗಿದೆ. ಎರಡು ಅಲಗಿನ ಪ್ರೊಪೆಲ್ಲರಿನಲ್ಲಿ ಟಾರ್ಕ್ ಪ್ರತಿ ಸುತ್ತಿನಲ್ಲಿಯೂ ಏರಿಳಿಯುತ್ತದೆ. ಮೂರು ಅಥವಾ ಹೆಚ್ಚು ಅಲಗುಗಳಿದ್ದಲ್ಲಿ ಒಂದೇ ಸಮನಾಗಿರುತ್ತದೆ.

4. ತಿರುವಿನಲ್ಲಿ: ಸಾಪ್‌ವಿತ್ ಕ್ಯಾಮೆಲ್ ವಿಮಾನ

ಈ ಟಾರ್ಕ್ ಎಷ್ಟು ಪ್ರಬಲವಾಗಬಹುದು ಎಂಬುದಕ್ಕೆ ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸಾಪ್‌ವಿತ್ ಕ್ಯಾಮೆಲ್ ಪ್ರಸಿದ್ಧ ನಿದರ್ಶನವಾಗಿದೆ. 1917ರಲ್ಲಿ ಸೇವೆಗೆ ಬಂದ ಈ ವಿಮಾನದ ಎಂಜಿನ್ ರೋಟರಿ ಮಾದರಿಯದು. ಇದರಲ್ಲಿ ಕ್ರ್ಯಾಂಕ್ ದಂಡವು ವಿಮಾನಕ್ಕೆ ಬಿಗಿಯಲ್ಪಟ್ಟು ಸ್ಥಿರವಾಗಿದ್ದು, ಒಂಬತ್ತು ಸಿಲಿಂಡರುಗಳೂ ಪ್ರೊಪೆಲ್ಲರೂ ಒಟ್ಟಾಗಿ ಸುತ್ತುತ್ತಿದ್ದವು. ಸುಮಾರು 660 ಕಿಲೋಗ್ರಾಂ ತೂಕದ ವಿಮಾನದಲ್ಲಿ ಸುಮಾರು ಕಾಲು ಭಾಗದಷ್ಟು ತೂಕ, ನಿಮಿಷಕ್ಕೆ ಸುಮಾರು 1250 ಸುತ್ತುಗಳಂತೆ, ಪೈಲಟ್‌ನ ದೃಷ್ಟಿಯಿಂದ ಪ್ರದಕ್ಷಿಣವಾಗಿ ತಿರುಗುತ್ತಿತ್ತು.

ಕ್ಯಾಮೆಲ್ ಬಲಕ್ಕೆ ತಿರುಗಿದಾಗ ಮೂತಿ ಕೆಳಕ್ಕೂ, ಎಡಕ್ಕೆ ತಿರುಗಿದಾಗ ಮೇಲಕ್ಕೂ ಹೋಗುತ್ತಿತ್ತು. ಆದರೆ ಎರಡೂ ತಿರುವುಗಳಲ್ಲಿ ಪೈಲಟ್ ಎಡ ರಡ್ಡರನ್ನೇ ಒತ್ತಬೇಕಾಗಿತ್ತು. ಇದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಹಿಂದೆ ತಿಳಿಸಿದ ನಿಯಮದಿಂದಲೇ ಇದಕ್ಕೆ ವಿವರಣೆ ದೊರೆಯುತ್ತದೆ.

ಕಡಿದಾದ ತಿರುವಿನಲ್ಲಿ ವಿಮಾನವು ಪಕ್ಕಕ್ಕೆ ವಾಲಿರುತ್ತದೆ. ಪೈಲಟ್ ದಂಡವನ್ನು ತನ್ನ ಕಡೆಗೆ ಎಳೆದು ತಿರುವನ್ನು ಬಿಗಿಗೊಳಿಸುತ್ತಾನೆ. 60 ಡಿಗ್ರಿ ವಾಲಿದ ಸಮತಲ ತಿರುವಿನಲ್ಲಿ ತಿರುಗುವ ವೇಗದ 0.87 ಭಾಗವು ವಿಮಾನದ ದೃಷ್ಟಿಯಲ್ಲಿ ಮೂತಿ ಎತ್ತುವ ಚಲನೆಯಾಗಿರುತ್ತದೆ. ಪಕ್ಕಕ್ಕೆ ತಿರುಗುವ ಚಲನೆ 0.5 ಭಾಗ ಮಾತ್ರ. ಮೂತಿ ಎತ್ತಿದರೆ ಅದು ವಿಮಾನದ ಬಲಗಡೆಗೆ ಸರಿಯುತ್ತದೆ. ಎಡಕ್ಕೆ ವಾಲಿರಲಿ, ಬಲಕ್ಕೆ ವಾಲಿರಲಿ, ಮೂತಿ ಎತ್ತುವ ಚಲನೆ ಒಂದೇ ಆಗಿರುವುದರಿಂದ ಎರಡರಲ್ಲಿಯೂ ಎಡ ರಡ್ಡರ್ ಬೇಕಾಗುತ್ತದೆ.

ವ್ಯತ್ಯಾಸವಿರುವುದು ನೆಲದ ದೃಷ್ಟಿಯಲ್ಲಿ. ಬಲಕ್ಕೆ ವಾಲಿದ ವಿಮಾನದ ಬಲಗಡೆ ಎಂದರೆ ನೆಲದ ಕಡೆ. ಎಡಕ್ಕೆ ವಾಲಿದ ವಿಮಾನದ ಬಲಗಡೆ ಎಂದರೆ ಆಕಾಶದ ಕಡೆ. ಆದ್ದರಿಂದಲೇ ಬಲ ತಿರುವಿನಲ್ಲಿ ಮೂತಿ ಕುಸಿಯುತ್ತಿತ್ತು, ಎಡ ತಿರುವಿನಲ್ಲಿ ಏಳುತ್ತಿತ್ತು. ನೆಲಕ್ಕೆ ಸಮೀಪದಲ್ಲಿ ಬಲಕ್ಕೆ ತಿರುಗುವಾಗ ಸರಿಯಾದ ರಡ್ಡರ್ ನೀಡದೆ, ಕುಸಿಯುವ ಮೂತಿಯನ್ನು ದಂಡ ಎಳೆದೇ ಎತ್ತಲು ಹೋದರೆ ಮೂತಿ ಇನ್ನಷ್ಟು ಬಲಕ್ಕೆ ಸರಿದು ವಿಮಾನವು ಸುರುಳಿ ಪತನಕ್ಕೆ, ಅಂದರೆ ಸ್ಪಿನ್‌ಗೆ ಸಿಲುಕುತ್ತಿತ್ತು. ಕ್ಯಾಮೆಲ್ ವಿಮಾನವನ್ನು ಕಲಿಯುವ ಹಂತದಲ್ಲಿಯೇ ಅನೇಕ ಯುವ ಪೈಲಟ್‌ಗಳು ಪ್ರಾಣ ಕಳೆದುಕೊಂಡರು.

5. ಗೈರೋಸ್ಕೋಪಿಕ್ ಟಾರ್ಕನ್ನು ಗುರುತಿಸುವ ಬಗೆ

ಹಾರಾಟದ ಆರಂಭದಲ್ಲಿ ಮೂತಿಯು ಎಡಕ್ಕೆ ಎಳೆಯಲು ಬೇರೆ ಕಾರಣಗಳೂ ಇರುತ್ತವೆ. ಪ್ರೊಪೆಲ್ಲರಿನಿಂದ ಹೊರಟ ಗಾಳಿ ಸುರುಳಿಯಾಗಿ ಸುತ್ತಿ ಬಾಲದ ಲಂಬ ರೆಕ್ಕೆಗೆ ಬಡಿಯುತ್ತದೆ. ಮೂತಿ ಎತ್ತಿರುವಾಗ ಕೆಳಗಿಳಿಯುವ ಅಲಗು ಏರುವ ಅಲಗಿಗಿಂತ ಹೆಚ್ಚು ಎಳೆಯುತ್ತದೆ. ಎಂಜಿನಿನ ಪ್ರತಿಕ್ರಿಯೆಯಿಂದ ಎಡ ಚಕ್ರದ ಮೇಲೆ ಭಾರ ಹೆಚ್ಚುತ್ತದೆ. ಎಂಜಿನ್ ಪೂರ್ಣ ಶಕ್ತಿಯಲ್ಲಿರುವಷ್ಟು ಕಾಲ ಇವುಗಳ ಪ್ರಭಾವ ಒಂದಲ್ಲ ಒಂದು ಪ್ರಮಾಣದಲ್ಲಿ ಇದ್ದೇ ಇರುತ್ತದೆ.

ಗೈರೋಸ್ಕೋಪಿಕ್ ಟಾರ್ಕ್ ಹಾಗಲ್ಲ. ಮೂತಿಯು ಚಲಿಸುತ್ತಿರುವಾಗ ಮಾತ್ರ ಅದು ಇರುತ್ತದೆ. ಮೂತಿ ಹೊಸ ಸ್ಥಾನದಲ್ಲಿ ನಿಂತೊಡನೆ ಅದು ಇಲ್ಲವಾಗುತ್ತದೆ. ಬಾಲ ಏಳುತ್ತಿರುವ ಒಂದೆರಡು ಸೆಕೆಂಡು ಮಾತ್ರ ಹೆಚ್ಚುವರಿಯಾಗಿ ಕಂಡುಬಂದ ಎಳೆತ ಈ ಟಾರ್ಕಿನದು. ಬಾಲ ಎದ್ದ ನಂತರವೂ ಅಷ್ಟೇ ಪೆಡಲನ್ನು ಒತ್ತಿಯೇ ಇದ್ದರೆ ವಿಮಾನವು ಬಲಗಡೆಗೆ ಓಡುತ್ತದೆ.

6. ಅರ್ಜಿದಾರರು ಗಮನಿಸಬೇಕಾದ ಮಿತಿಗಳು

ಮೂತಿಯ ಕೆಳಗೆ ಚಕ್ರವಿರುವ ಇಂದಿನ ಬಹುತೇಕ ತರಬೇತಿ ವಿಮಾನಗಳು ಸಮತಲವಾಗಿಯೇ ಓಡುತ್ತವೆ. ಅವುಗಳಲ್ಲಿ ಬಾಲ ಎತ್ತುವ ಹಂತವೇ ಇರುವುದಿಲ್ಲ. ಆದುದರಿಂದ ಓಟದಲ್ಲಿ ಅವು ಎಡಕ್ಕೆ ಎಳೆಯುವುದಕ್ಕೆ ಗೈರೋಸ್ಕೋಪಿಕ್ ಟಾರ್ಕ್ ಕಾರಣವೆಂದು ಉತ್ತರಿಸುವುದು ಸರಿಯಲ್ಲ. ನೆಲ ಬಿಡಲು ಮೂತಿ ಎತ್ತುವಾಗ ಉಂಟಾಗುವ ಅಲ್ಪ ಟಾರ್ಕ್ ಬಲಗಡೆಗಿರುತ್ತದೆ.

ಎಲ್ಲ ಎಂಜಿನ್‌ಗಳೂ ಒಂದೇ ದಿಕ್ಕಿನಲ್ಲಿ ತಿರುಗುವುದಿಲ್ಲ. ಟೈಗರ್ ಮಾತ್ ಮತ್ತು ಚಿಪ್‌ಮಂಕ್ ವಿಮಾನಗಳ ಜಿಪ್ಸಿ ಮೇಜರ್ ಎಂಜಿನ್ ಪೈಲಟ್‌ನ ದೃಷ್ಟಿಯಿಂದ ಅಪ್ರದಕ್ಷಿಣವಾಗಿ ತಿರುಗುತ್ತದೆ. ಭಾರತೀಯ ವಾಯುಪಡೆಯು ಬಳಸಿದ ಸ್ಪಿಟ್‌ಫೈರ್ ವಿಮಾನಗಳಲ್ಲಿಯೂ ಮರ್ಲಿನ್ ಎಂಜಿನ್ ಪ್ರದಕ್ಷಿಣವಾಗಿ, ನಂತರದ ಗ್ರಿಫನ್ ಎಂಜಿನ್ ಅಪ್ರದಕ್ಷಿಣವಾಗಿ ತಿರುಗುತ್ತಿದ್ದವು. ಅಪ್ರದಕ್ಷಿಣ ಎಂಜಿನ್ ಇದ್ದಲ್ಲಿ ಪಟ್ಟಿಯ ನಾಲ್ಕೂ ಫಲಿತಾಂಶಗಳು ವಿರುದ್ಧ ದಿಕ್ಕಿಗೆ ಬದಲಾಗುತ್ತವೆ. ಬಾಲ ಎತ್ತಿದಾಗ ಮೂತಿ ಬಲಕ್ಕೆ ಸರಿಯುವುದರಿಂದ ಎಡ ಪೆಡಲ್ ಬೇಕಾಗುತ್ತದೆ. ಒಂದು ಮಾದರಿಯಲ್ಲಿ ಅಭ್ಯಾಸವಾದವರು ಇನ್ನೊಂದಕ್ಕೆ ಹೋಗುವ ಮೊದಲು ಪ್ರೊಪೆಲ್ಲರ್ ತಿರುಗುವ ದಿಕ್ಕನ್ನು ಆಯಾ ವಿಮಾನದ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಮುಂದೆ ನಿಂತು ನೋಡಿದವರಿಗೆ ದಿಕ್ಕು ತಿರುಗುಮುರುಗಾಗಿ ಕಾಣುವುದರಿಂದ, ಪೈಲಟ್ ಆಸನದಿಂದ ಕಾಣುವ ದಿಕ್ಕನ್ನೇ ಪರಿಗಣಿಸತಕ್ಕದ್ದು.