ಲಾಂಗ್ಲಿಯ ಹದಿನಾರು ವರ್ಷಗಳು: ಚಲಕಗಳನ್ನು ಕೈಬಿಡುವ ಮುನ್ನ ವಿಐಎಫ್ ಓದುವ ಬಗೆ

ಒಂದರ ಜೊತೆ ಇನ್ನೊಂದು ಸಾಗುವ ಚಲಕಗಳನ್ನು ಒಂದೇ ರಿಗ್ರೆಷನ್‌ನಲ್ಲಿ ಸೇರಿಸಿದರೆ ಅವುಗಳ ಪ್ರಭಾವವನ್ನು ಬೇರ್ಪಡಿಸುವುದು ಕಷ್ಟ. ಈ ತೊಡಕಿಗೆ ಮಲ್ಟಿಕೊಲಿನಿಯಾರಿಟಿ ಎಂಬ ಹೆಸರನ್ನು ಬಳಕೆಗೆ ತಂದವರು ನಾರ್ವೆಯ ಅರ್ಥಶಾಸ್ತ್ರಜ್ಞ ರಾಗ್ನರ್ ಫ್ರಿಶ್. 1934ರಲ್ಲಿ ಓಸ್ಲೋದಿಂದ ಪ್ರಕಟವಾದ ಅವರ ಗ್ರಂಥದ ವಿಷಯವೇ ಇದಾಗಿತ್ತು. ಆದರೆ ಈ ತೊಡಕಿನ ಅತ್ಯಂತ ಸ್ಪಷ್ಟ ಉದಾಹರಣೆ ಸಿಕ್ಕಿದ್ದು 1967ರಲ್ಲಿ, ಜೇಮ್ಸ್ ಲಾಂಗ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ. ಅಂದಿನ ಕಂಪ್ಯೂಟರ್ ಪ್ರೋಗ್ರಾಂಗಳು ಒಂದೇ ಲೆಕ್ಕಕ್ಕೆ ಬೇರೆ ಬೇರೆ ಉತ್ತರ ಕೊಡುತ್ತವೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಅದಕ್ಕಾಗಿ ಆರಿಸಿಕೊಂಡ ದತ್ತಾಂಶ ಇಂದಿಗೂ ಪಾಠದಲ್ಲಿ ಉಳಿದಿದೆ.

ದತ್ತಾಂಶದಲ್ಲಿ 1947ರಿಂದ 1962ರವರೆಗಿನ ಹದಿನಾರು ಸಾಲುಗಳಿವೆ. ವಿವರಿಸಬೇಕಾದದ್ದು ಅಮೆರಿಕದ ಒಟ್ಟು ಉದ್ಯೋಗ. ವಿವರಿಸುವ ಚಲಕಗಳು ಆರು: ಬೆಲೆ ಸೂಚ್ಯಂಕ, ಒಟ್ಟು ರಾಷ್ಟ್ರೀಯ ಉತ್ಪನ್ನ, ನಿರುದ್ಯೋಗಿಗಳ ಸಂಖ್ಯೆ, ಸೇನಾಬಲ, ಜನಸಂಖ್ಯೆ ಮತ್ತು ಇಸವಿ. ಯುದ್ಧಾನಂತರದ ಆ ವರ್ಷಗಳಲ್ಲಿ ಬೆಲೆ, ಉತ್ಪನ್ನ, ಜನಸಂಖ್ಯೆ ಮೂರೂ ಇಸವಿಯೊಂದಿಗೆ ಬಹುತೇಕ ಏರುತ್ತಲೇ ಹೋದವು. ಉತ್ಪನ್ನಕ್ಕೂ ಇಸವಿಗೂ ಇರುವ ಸಹಸಂಬಂಧ 0.995.

ಈ ತೊಡಕನ್ನು ಅಳೆಯುವ ಕ್ರಮ ಸರಳ. ಒಂದು ಚಲಕವನ್ನು ಉಳಿದ ಐದರ ಮೇಲೆ ರಿಗ್ರೆಷನ್ ಮಾಡಿ, ಬಂದ R² ಅನ್ನು VIF = 1/(1−R²) ಸೂತ್ರಕ್ಕೆ ಹಾಕಬೇಕು. ಉತ್ಪನ್ನದ ವಿಐಎಫ್ 1788, ಇಸವಿಯದು 759, ಜನಸಂಖ್ಯೆಯದು 399, ಬೆಲೆ ಸೂಚ್ಯಂಕದ್ದು 136 ಬರುತ್ತದೆ. ನಿರುದ್ಯೋಗ 34ರಲ್ಲೂ ಸೇನಾಬಲ 3.6ರಲ್ಲೂ ನಿಲ್ಲುತ್ತವೆ. 1788ರ ವರ್ಗಮೂಲ ಸುಮಾರು 42. ಉಳಿದ ಚಲಕಗಳೊಂದಿಗೆ ನಂಟೇ ಇಲ್ಲದಿದ್ದರೆ ಉತ್ಪನ್ನದ ಗುಣಾಂಕಕ್ಕೆ ಇರುತ್ತಿದ್ದ ಪ್ರಮಾಣಿತ ದೋಷ ಇಲ್ಲಿ ನಲವತ್ತೆರಡು ಪಟ್ಟು ಹಿಗ್ಗಿದೆ ಎಂದರ್ಥ.

ಹಾಗಾದರೆ ಯಾವುದನ್ನು ಬಿಡಬೇಕು? ಅತಿ ದೊಡ್ಡ ವಿಐಎಫ್ ಇರುವುದನ್ನು ಮೊದಲು ಕಿತ್ತುಹಾಕುವ ರೂಢಿ ವ್ಯಾಪಕವಾಗಿದೆ. ಅದು ತಪ್ಪು ದಾರಿ ಎಂಬುದಕ್ಕೆ ಇಸವಿಯೇ ಸಾಕ್ಷಿ. ವಿಐಎಫ್ 759 ಇದ್ದರೂ ಅದರ t ಮೌಲ್ಯ 4.0. ದೋಷ ಅಷ್ಟು ಹಿಗ್ಗಿದ ಮೇಲೂ ಅದರ ಪ್ರಭಾವ ಎದ್ದು ಕಾಣುತ್ತದೆ. ವಿಐಎಫ್ ಅದಕ್ಕಿಂತ ಕಡಿಮೆ ಇರುವ ಜನಸಂಖ್ಯೆಗೂ ಬೆಲೆ ಸೂಚ್ಯಂಕಕ್ಕೂ t ಮೌಲ್ಯ ಸೊನ್ನೆಯ ಹತ್ತಿರವೇ ಇದೆ. ಈ ಎರಡನ್ನು ಬಿಟ್ಟರೆ ಮಾದರಿಯ R² 0.9955ರಿಂದ 0.9954ಕ್ಕೆ ಇಳಿಯುತ್ತದೆ ಅಷ್ಟೆ. ಉತ್ಪನ್ನದ ಪ್ರಮಾಣಿತ ದೋಷ ಅರ್ಧಕ್ಕಿಳಿಯುತ್ತದೆ. ಇದು ಸಮರ್ಥಿಸಬಹುದಾದ ಕಡಿತ.

ಇಲ್ಲಿಗೆ ಉತ್ಪನ್ನದ ವಿಐಎಫ್ 515, ಇಸವಿಯದು 638. ಹತ್ತರ ಕೆಳಗೆ ಬರಲೇಬೇಕೆಂದು ಹಟ ಹಿಡಿದವರು ಈಗ ಇಸವಿಯನ್ನು ಬಿಡುತ್ತಾರೆ. ಉಳಿದ ಮೂರೂ ಚಲಕಗಳ ವಿಐಎಫ್ 4ರ ಒಳಗೆ ಬಂದು ಕೋಷ್ಟಕ ಚೊಕ್ಕವಾಗುತ್ತದೆ. ಆದರೆ ಉಳಿಕೆಗಳ ವರ್ಗಮೊತ್ತ ಮೂರು ಪಟ್ಟು ಮೀರುತ್ತದೆ. ಉತ್ಪನ್ನದ ಗುಣಾಂಕವಂತೂ −0.040ರಿಂದ +0.041ಕ್ಕೆ ಮಗುಚಿಕೊಳ್ಳುತ್ತದೆ. ಉತ್ಪನ್ನ ನೂರು ಕೋಟಿ ಡಾಲರ್ ಹೆಚ್ಚಿದರೆ ಉದ್ಯೋಗ ನಲವತ್ತು ಸಾವಿರ ಇಳಿಯುತ್ತದೆ ಎನ್ನುತ್ತಿದ್ದ ಮಾದರಿ, ಈಗ ನಲವತ್ತೊಂದು ಸಾವಿರ ಏರುತ್ತದೆ ಎನ್ನುತ್ತದೆ. ಮೊದಲ ಸಂಖ್ಯೆ ಕಾಲದ ಏರಿಕೆಯನ್ನು ಕಳೆದ ಮೇಲಿನ ಉತ್ಪನ್ನದ ಪ್ರಭಾವ. ಎರಡನೆಯದರಲ್ಲಿ ಉತ್ಪನ್ನವು ಕಾಲದ ಪ್ರಭಾವವನ್ನೂ ತನ್ನ ಹೆಸರಿನಲ್ಲೇ ಹೊತ್ತಿದೆ. ಎರಡೂ ಬೇರೆ ಪ್ರಶ್ನೆಗಳ ಉತ್ತರ. ಅದನ್ನು ವಿಐಎಫ್ ಹೇಳುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಉದ್ಯೋಗದ ಅಂಕಿಯೇ ಇಲ್ಲ.

ಹತ್ತರ ಗೆರೆಯ ಮೂಲವನ್ನೂ ಗಮನಿಸಬೇಕು. ಡೊನಾಲ್ಡ್ ಮಾರ್ಕ್ವಾರ್ಟ್ 1970ರ ಲೇಖನದಲ್ಲಿ ಗರಿಷ್ಠ ವಿಐಎಫ್ ಹತ್ತರಷ್ಟು ಇರಬಾರದು ಎಂದದ್ದು ರಿಜ್ ರಿಗ್ರೆಷನ್‌ನಂಥ ವಿಧಾನಗಳಲ್ಲಿ ಎಷ್ಟು ಪಕ್ಷಪಾತವನ್ನು ಬೇಕೆಂದೇ ಸೇರಿಸಬೇಕು ಎಂಬುದನ್ನು ನಿರ್ಧರಿಸಲು. ಆ ವಿಧಾನಗಳು ಗುಣಾಂಕಗಳನ್ನು ಕುಗ್ಗಿಸಿ ಸ್ಥಿರಗೊಳಿಸುತ್ತವೆ. ಚಲಕಗಳನ್ನು ಹೊರಹಾಕಲು ಅದೇ ಗೆರೆಯನ್ನು ಎಳೆದಾಗ ಅದರ ಆಧಾರವೇ ಕಳಚಿಹೋಗುತ್ತದೆ.

ಬೆಲೆ ಸೂಚ್ಯಂಕವನ್ನು ಬಿಡುವುದಕ್ಕಿಂತ ಒಳ್ಳೆಯ ಹಾದಿ ದತ್ತಾಂಶದಲ್ಲೇ ಇದೆ. ಲಾಂಗ್ಲಿಯ ಉತ್ಪನ್ನ ಚಾಲ್ತಿ ಬೆಲೆಗಳಲ್ಲಿದೆ. ಅದನ್ನು ಸೂಚ್ಯಂಕದಿಂದ ಭಾಗಿಸಿದರೆ ನಿಜ ಉತ್ಪನ್ನ ಸಿಗುತ್ತದೆ, ಎರಡು ಚಲಕಗಳ ಜಾಗದಲ್ಲಿ ಅರ್ಥವುಳ್ಳ ಒಂದೇ ಚಲಕ ನಿಲ್ಲುತ್ತದೆ. ಆದರೂ ನಿಜ ಉತ್ಪನ್ನವೂ ಇಸವಿಯೊಂದಿಗೇ ಏರುತ್ತದೆ. ಇವೆರಡನ್ನು ಬೇರ್ಪಡಿಸಲು ಉತ್ಪನ್ನ ಕುಸಿದ ವರ್ಷಗಳು, ಉದಾಹರಣೆಗೆ 1930ರ ದಶಕದ ಆರಂಭದ ಅಂಕಿಗಳು, ಬೇಕಾಗುತ್ತವೆ. ಈ ಹದಿನಾರು ಸಾಲುಗಳಲ್ಲಿ ಅಂಥವು ತೀರಾ ಕಡಿಮೆ.