ಹರಪನಹಳ್ಳಿ ತಾಲ್ಲೂಕು ಕಚೇರಿಯಲ್ಲಿ ಪಹಣಿ, ಪೌತಿ ಖಾತೆ ಮತ್ತು 3ಬಿ ಪ್ರಮಾಣ ಪತ್ರ: ಯಾವುದು ಮೊದಲು, ಎಲ್ಲಿ ತಡವಾಗುತ್ತದೆ

ಹರಪನಹಳ್ಳಿ ತಾಲ್ಲೂಕಿನ ಕಾಗದಪತ್ರ ಹುಡುಕಲು ಹೊರಟವರು ಮೊದಲು ಎಡವುವುದು ಜಿಲ್ಲೆಯ ಹೆಸರಿನಲ್ಲಿ. 1997ರವರೆಗೆ ಈ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಹೊಸದಾಗಿ ರಚನೆಯಾದ ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜನ ಕ್ರಯಪತ್ರದ ಮೇಲೆ ಬಳ್ಳಾರಿ, ತಂದೆಯ ಜಾತಿ ಪತ್ರದ ಮೇಲೆ ದಾವಣಗೆರೆ, ಮಗಳ ಪತ್ರದ ಮೇಲೆ ವಿಜಯನಗರ ಎಂದಿರುತ್ತದೆ. ಇದು ತಪ್ಪಲ್ಲ, ತಿದ್ದಿಸಬೇಕಾಗಿಯೂ ಇಲ್ಲ. ಆದರೆ ಆನ್‌ಲೈನ್‌ನಲ್ಲಿ ಹುಡುಕುವಾಗ ವಿಜಯನಗರ ಜಿಲ್ಲೆಯನ್ನೇ ಆರಿಸಬೇಕು. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿದವರು ದಾವಣಗೆರೆ ಪಟ್ಟಿಯಲ್ಲಿ ಹುಡುಕಿ, ‘ನಮ್ಮ ಊರೇ ಕಾಣಿಸುತ್ತಿಲ್ಲ’ ಎಂದು ಫೋನ್ ಮಾಡುವುದುಂಟು.

ನಮ್ಮ ಸಮಾಜದ ಮನೆಗಳಲ್ಲಿ ಈ ಕಾಗದಗಳ ನೆನಪಾಗುವುದು ಸಾಮಾನ್ಯವಾಗಿ ಮಕ್ಕಳು ದ್ವಿತೀಯ ಪಿಯುಸಿಗೆ ಬಂದಾಗ. ಸಿಇಟಿ ಅರ್ಜಿಯಲ್ಲಿ 3ಬಿ ಎಂದು ಬರೆಯಬೇಕು, ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಕೊಡಬೇಕು. ಆಗ ನೋಡಿದರೆ ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಎರಡೂ ಕೆಲಸಕ್ಕೆ ವರದಿ ಬರೆಯುವವರು ಒಬ್ಬರೇ, ನಿಮ್ಮ ಊರಿನ ಗ್ರಾಮ ಆಡಳಿತ ಅಧಿಕಾರಿ (ಮೊದಲು ಗ್ರಾಮ ಲೆಕ್ಕಾಧಿಕಾರಿ ಎನ್ನುತ್ತಿದ್ದೆವು). ಆದ್ದರಿಂದ ಎರಡನ್ನೂ ಒಟ್ಟಿಗೆ ಯೋಚಿಸುವುದು ಒಳ್ಳೆಯದು.

ತಿಳಿಯಲು ಅನುಕೂಲವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತೆಲಿಗಿ ಹೋಬಳಿಯ ಒಂದು ಹಳ್ಳಿಯಲ್ಲಿ ಪದ್ಮಪ್ಪನವರ ಹೆಸರಿನಲ್ಲಿ 4 ಎಕರೆ 20 ಗುಂಟೆ ಜಮೀನಿದೆ. ಅವರು ತೀರಿಕೊಂಡು ಆರು ವರ್ಷವಾಗಿದೆ. ಮಕ್ಕಳು ಮೂವರು. ಹಿರಿಯ ಮಗ ಊರಿನಲ್ಲೇ ಸಾಗುವಳಿ ಮಾಡುತ್ತಾನೆ, ಕಿರಿಯ ಮಗನಿಗೆ ಹರಪನಹಳ್ಳಿ ಪೇಟೆಯಲ್ಲಿ ಕಿರಾಣಿ ಅಂಗಡಿ, ಮಗಳನ್ನು ಕೊಟ್ಟೂರಿಗೆ ಕೊಟ್ಟಿದ್ದಾರೆ. ಕಿರಿಯ ಮಗನ ಮಗಳು ಈ ವರ್ಷ ಸಿಇಟಿ ಬರೆಯಬೇಕು.

ಮೊದಲ ಕೆಲಸಕ್ಕೆ ಯಾವ ಕಚೇರಿಗೂ ಹೋಗಬೇಕಿಲ್ಲ. landrecords.karnataka.gov.in ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ ಕೊಟ್ಟರೆ ಪಹಣಿ ಕಾಣುತ್ತದೆ. ಓದಲು ಇಲ್ಲಿ ನೋಡಿದರೆ ಸಾಕು, ಕಚೇರಿಗೆ ಅಥವಾ ಬ್ಯಾಂಕಿಗೆ ಕೊಡುವುದಿದ್ದರೆ ಶುಲ್ಕ ಕಟ್ಟಿ ಅಧಿಕೃತ ಪ್ರತಿ ಪಡೆಯಬೇಕು. ಪಹಣಿಯಲ್ಲಿ ಎಲ್ಲವನ್ನೂ ಓದುವ ಅಗತ್ಯವಿಲ್ಲ. 9ನೇ ಕಲಂನಲ್ಲಿ ಮಾಲೀಕರ ಹೆಸರು ಮತ್ತು ಅವರ ವಿಸ್ತೀರ್ಣ, 10ರಲ್ಲಿ ಆ ಹಕ್ಕು ಹೇಗೆ ಬಂತು ಎಂಬ ವಿವರ, 11ರಲ್ಲಿ ಸಾಲ ಮತ್ತು ಇತರ ಋಣಗಳು, ಈ ಮೂರನ್ನು ಚೆನ್ನಾಗಿ ನೋಡಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ 9ನೇ ಕಲಂನಲ್ಲಿ ‘ಪದ್ಮಪ್ಪ ತಂದೆ ನೇಮಣ್ಣ’ ಎಂದಿದೆ, ಆದರೆ ಮರಣ ಪತ್ರದಲ್ಲಿ ‘ಪದ್ಮರಾಜಯ್ಯ’ ಎಂದಿದೆ. 11ರಲ್ಲಿ ಎಂದೋ ತೀರಿಸಿದ ಸೊಸೈಟಿ ಸಾಲ ಇನ್ನೂ ಹಾಗೇ ಉಳಿದಿದೆ. ಸಾಲ ಕಟ್ಟಿದ ಕೂಡಲೇ ಪಹಣಿಯಿಂದ ಅದು ತಾನಾಗಿ ಹೋಗಿಬಿಡುತ್ತದೆ ಎಂದುಕೊಳ್ಳಬೇಡಿ. ಸಾಲ ಕೊಟ್ಟವರಿಂದ ತೀರುವಳಿ ಪತ್ರ ಬಂದು, ಅದು ಭೂಮಿ ತಂತ್ರಾಂಶಕ್ಕೆ ಏರಿದ ಮೇಲೆಯೇ ಅಳಿಸುವುದು. ಈ ಪತ್ರ ತರಲು ಹತ್ತು ದಿನ ಬೇಕಾದರೂ ಆಗಬಹುದು, ಹಾಗಾಗಿ ಮೊದಲೇ ಕೇಳಿಡಿ.

ಹೆಸರಿನ ವ್ಯತ್ಯಾಸ ಇದಕ್ಕಿಂತ ದೊಡ್ಡ ತೊಡಕು. ಪದ್ಮಪ್ಪ, ಪದ್ಮಣ್ಣ, ಪದ್ಮರಾಜ ಎಲ್ಲರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತಿದ್ದರೂ ಕಡತಕ್ಕೆ ಗೊತ್ತಿರುವುದಿಲ್ಲ. ನೋಟರಿ ಅಫಿಡವಿಟ್ ಒಂದನ್ನೇ ಹಿಡಿದು ಹೋದರೆ ಬಹಳ ಸಲ ವಾಪಸ್ ಬರಬೇಕಾಗುತ್ತದೆ. ಅದರ ಜೊತೆ ಹಳೆಯ ಕಂದಾಯ ರಸೀದಿ, ಸೊಸೈಟಿ ಪಾಸ್‌ಬುಕ್, ಪಡಿತರ ಚೀಟಿ, ಕ್ರಯಪತ್ರ ಹೀಗೆ ಎರಡೂ ಹೆಸರನ್ನು ಒಂದೇ ಮನೆಗೆ ಜೋಡಿಸುವ ದಾಖಲೆ ಇಟ್ಟರೆ, ಗ್ರಾಮ ಆಡಳಿತ ಅಧಿಕಾರಿ ಊರಿನಲ್ಲಿ ವಿಚಾರಿಸಿ ಪಂಚನಾಮೆ ಬರೆಯಲು ಆಧಾರ ಸಿಗುತ್ತದೆ. ಕೈಬರಹದ ಹಳೆಯ ಪಹಣಿ ಬೇಕಾದರೆ ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ, ಅಂದರೆ ರೆಕಾರ್ಡ್ ರೂಮಿಗೆ, ಸರ್ವೆ ನಂಬರ್ ಮತ್ತು ಬೇಕಾದ ವರ್ಷಗಳನ್ನು ಬರೆದು ನಕಲು ಅರ್ಜಿ ಕೊಡಬೇಕು. ‘ಎಲ್ಲ ವರ್ಷದ್ದೂ ಕೊಡಿ’ ಎನ್ನುವ ಅರ್ಜಿ ಕೊನೆಗೆ ಉಳಿಯುತ್ತದೆ.

ಎರಡನೆಯದು ವಂಶವೃಕ್ಷ. ಇದಕ್ಕೆ ಹೋಗಬೇಕಾದದ್ದು ನಿಮ್ಮ ಹೋಬಳಿಯ ನಾಡಕಚೇರಿಗೆ. ಹರಪನಹಳ್ಳಿಯಲ್ಲಿ ಕಸಬಾ, ಅರಸೀಕೆರೆ, ಚಿಗಟೇರಿ, ತೆಲಿಗಿ ಎಂದು ನಾಲ್ಕು ಹೋಬಳಿಗಳಿವೆ. ಜಮೀನಿನ ಕೆಲಸ ಜಮೀನು ಇರುವ ಹೋಬಳಿಗೆ ಸೇರಿದ್ದು, ಆದಾಯ ಮತ್ತು ಜಾತಿ ಪತ್ರ ನೀವು ವಾಸವಿರುವ ಹೋಬಳಿಗೆ ಸೇರಿದ್ದು. ನಮ್ಮ ಅಂಗಡಿಯವರು ಪೌತಿಗೆ ತೆಲಿಗಿಯನ್ನೂ ಮಗಳ 3ಬಿ ಪತ್ರಕ್ಕೆ ಕಸಬಾವನ್ನೂ ಆರಿಸಬೇಕು. ಇದನ್ನು ಅದಲುಬದಲು ಮಾಡಿದ ಅರ್ಜಿ ಬೇರೆ ಅಧಿಕಾರಿಯ ಲಾಗಿನ್‌ಗೆ ಹೋಗಿ, ‘ಅರ್ಜಿದಾರರು ನಮ್ಮ ವ್ಯಾಪ್ತಿಯವರಲ್ಲ’ ಎಂದು ತಿರಸ್ಕಾರವಾಗುತ್ತದೆ.

ವಂಶವೃಕ್ಷದಲ್ಲಿ ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಡುವುದು ನಮ್ಮಲ್ಲಿ ಈಗಲೂ ನಡೆದಿದೆ. ‘ಅಕ್ಕನಿಗೆ ಬೇಡವಂತೆ’ ಎನ್ನುತ್ತಾರೆ. ಬೇಡ ಎನ್ನುವುದು ಬೇರೆ, ಮಗಳೇ ಅಲ್ಲ ಎಂದು ಬರೆದುಕೊಡುವುದು ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ, ತಂದೆ ಆ ತಿದ್ದುಪಡಿಗೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹೆಸರು ಬಿಟ್ಟು ಮಾಡಿಸಿದ ಖಾತೆಗೆ ನಾಳೆ ಅಕ್ಕನಲ್ಲದಿದ್ದರೆ ಅವರ ಮಕ್ಕಳು ತಕರಾರು ಹಾಕಬಹುದು. ಕೊಟ್ಟೂರಿನ ಅಕ್ಕನವರಿಗೆ ನಿಜವಾಗಿ ಬೇಡವೆಂದಾದರೆ ಅವರು ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ ಕೊಡಲಿ. ಛಾಪಾ ಕಾಗದದ ಮೇಲೆ ಬರೆದು ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸಿದ್ದು ಸಾಲದು.

ವಂಶವೃಕ್ಷ, ಮರಣ ಪತ್ರ, ಪಹಣಿ, ವಾರಸುದಾರರ ಆಧಾರ್ ಇವಿಷ್ಟನ್ನೂ ಸೇರಿಸಿ ಪೌತಿ ಖಾತೆಗೆ ಅರ್ಜಿ ಕೊಡುವುದು ಮೂರನೆಯ ಹೆಜ್ಜೆ. ಮರಣ ನೋಂದಣಿಯೇ ಆಗಿಲ್ಲದಿದ್ದರೆ ಇಲ್ಲಿ ನಿಲ್ಲಬೇಕಾಗುತ್ತದೆ, ಏಕೆಂದರೆ ವರ್ಷ ದಾಟಿದ ಮರಣವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಅರ್ಜಿ ಸರಿಯಿದ್ದರೆ ನೋಟಿಸ್ ಹೊರಡುತ್ತದೆ, ಚಾವಡಿಯಲ್ಲಿ ಅಂಟಿಸುತ್ತಾರೆ, ಆಕ್ಷೇಪಣೆಗೆ ಅವಧಿ ಕೊಡುತ್ತಾರೆ. ಯಾರೂ ತಕರಾರು ಹಾಕದಿದ್ದರೆ ಕಂದಾಯ ನಿರೀಕ್ಷಕರು ಮ್ಯುಟೇಶನ್ ಅಂಗೀಕರಿಸುತ್ತಾರೆ, ತಕರಾರು ಬಂದರೆ ಕಡತ ತಹಶೀಲ್ದಾರರ ಮುಂದೆ ಹೋಗುತ್ತದೆ. ನೋಟಿಸ್ ಅವಧಿ ಕಾನೂನಿನಲ್ಲೇ ಇರುವುದು, ಯಾರ ಕೈ ಬಿಸಿ ಮಾಡಿದರೂ ಕಡಿಮೆಯಾಗದು.

ಖಾತೆ ಮೂವರ ಹೆಸರಿಗೆ ಜಂಟಿಯಾಗಿ ಬರುತ್ತದೆ. ಪಾಲು ಮಾಡಿಕೊಳ್ಳುವುದು ಬೇರೆಯೇ ಕೆಲಸ, ಅದಕ್ಕೆ ಸರ್ವೆ ಇಲಾಖೆಯ 11-ಇ ನಕ್ಷೆಯೂ ನೋಂದಾಯಿತ ವಿಭಾಗ ಪತ್ರವೂ ಬೇಕು. ಪಾಲಿನ ಜಗಳ ಮುಗಿಯಲಿ ಎಂದು ಪೌತಿಯನ್ನೇ ಮುಂದೂಡಬೇಡಿ. ಖಾತೆ ಅಜ್ಜನ ಹೆಸರಿನಲ್ಲಿ ಇರುವವರೆಗೆ ಬೆಳೆ ಸಾಲ, ಬೆಳೆ ಪರಿಹಾರ ಎಲ್ಲಕ್ಕೂ ಅಡ್ಡಿಯಾಗುತ್ತದೆ.

ಇನ್ನು ಮೊಮ್ಮಗಳ ಪತ್ರ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ ಅಡಿ ಇರುವುದು ‘ಜೈನ (ದಿಗಂಬರ)’. ಶಾಲೆಯ ದಾಖಲೆಯಲ್ಲಿ ಬರೀ ‘ಜೈನ್’ ಎಂದೋ ‘ಹಿಂದೂ ಜೈನ್’ ಎಂದೋ ಇದ್ದರೆ ವರದಿ ಬರೆಯುವವರಿಗೆ ಸಂಶಯ ಬರುವುದು ಸಹಜ. ಮೂರು ಪೀಳಿಗೆಯಿಂದ ಅಕ್ಕಪಕ್ಕದಲ್ಲೇ ಇದ್ದರೂ ದಿಗಂಬರ, ಶ್ವೇತಾಂಬರ ಭೇದ ಹೊರಗಿನವರಿಗೆ ತಿಳಿದಿರಬೇಕೆಂದಿಲ್ಲ. ತಂದೆಯ ಅಥವಾ ತಂದೆಯ ಅಣ್ಣತಮ್ಮಂದಿರ ಹಳೆಯ 3ಬಿ ಪತ್ರವೊಂದಿದ್ದರೆ ಕೆಲಸ ಬಹುಪಾಲು ಸಲೀಸು. ಇಲ್ಲದಿದ್ದರೆ ತಂದೆಯ ವರ್ಗಾವಣೆ ಪತ್ರ ಮತ್ತು ರಕ್ತಸಂಬಂಧಿಗಳ ದಾಖಲೆ ಕೊಡಿ. ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗಲೇ ಧರ್ಮ ಜೈನ, ಜಾತಿ ದಿಗಂಬರ ಜೈನ ಎಂದು ಸರಿಯಾಗಿ ಬರೆಸುವುದು ಇದೆಲ್ಲಕ್ಕಿಂತ ಸುಲಭ.

3ಬಿಗೆ ಜಾತಿಯೊಂದೇ ಅಲ್ಲ, ಆದಾಯವನ್ನೂ ಸೇರಿಸಿ ಒಂದೇ ಪತ್ರ ಕೊಡುತ್ತಾರೆ. ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ ರೂಪಾಯಿ, ಪತ್ರದ ಅವಧಿ 5 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಮಾಡಿಸಿದ ಪತ್ರ ಸಿಇಟಿಗೆ ನಡೆಯಬಹುದು, ಆದರೆ ಎಂಟನೇ ತರಗತಿಗೂ ಮೊದಲು ಮಾಡಿಸಿದ್ದಾದರೆ ಹೊಸದು ಬೇಕು. ಅಂಗಡಿ ಇರುವವರು ಆದಾಯವನ್ನು ತೀರಾ ಕಡಿಮೆ ಬರೆಸುವ ಆಸೆಗೆ ಬೀಳಬಾರದು. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ 4 ಲಕ್ಷ ತೋರಿಸಿ ಇಲ್ಲಿ 60 ಸಾವಿರ ಎಂದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಸೀಟು ಪಡೆದ ಮಗು. 8 ಲಕ್ಷದೊಳಗಿದ್ದರೆ 3ಬಿಗೆ ಅರ್ಹತೆ ಇದ್ದೇ ಇದೆ, ಸುಳ್ಳಿನಿಂದ ಲಾಭವಿಲ್ಲ. ಹೊಲದ ಆದಾಯದಲ್ಲಿ ತಂದೆಯ ಪಾಲನ್ನೂ ಸೇರಿಸಿ ಹೇಳಿ.

ಶ್ವೇತಾಂಬರ ಕುಟುಂಬಗಳು 3ಬಿಗೆ ಅರ್ಜಿ ಹಾಕುವಂತಿಲ್ಲ. ಜೈನರನ್ನು 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದೆ, ಈ ಸ್ಥಾನ ಎರಡೂ ಪಂಥದವರಿಗೆ ಸೇರಿದ್ದು. ಅಲ್ಪಸಂಖ್ಯಾತ ವಿದ್ಯಾರ್ಥಿವೇತನಕ್ಕೆ ಅಲ್ಪಸಂಖ್ಯಾತ ಪತ್ರ ಮತ್ತು ಆದಾಯ ಪತ್ರ ಸಾಕು, 3ಬಿ ಬೇಕಿಲ್ಲ. ಕಲ್ಯಾಣ ಕರ್ನಾಟಕದ 371(ಜೆ) ಅರ್ಹತಾ ಪತ್ರ ಮತ್ತೂ ಬೇರೆ, ಅದನ್ನು ಕೊಡುವುದು ಉಪವಿಭಾಗಾಧಿಕಾರಿ. ಆ ಕಚೇರಿ ಹರಪನಹಳ್ಳಿಯಲ್ಲೇ ಇದೆ, ಹೊಸಪೇಟೆಗೆ ಹೋಗಬೇಕಿಲ್ಲ.

ಅರ್ಜಿಯನ್ನು nadakacheri.karnataka.gov.in ನಲ್ಲಿ ನೀವೇ ಹಾಕಬಹುದು, ನಾಡಕಚೇರಿ ಕೌಂಟರಿನಲ್ಲೂ ಹಾಕಬಹುದು. ವಿದ್ಯಾರ್ಥಿಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಇನಿಷಿಯಲ್ ಸಮೇತ ಇರಲಿ. ರಸೀದಿಯ ಮೇಲೆ ಕೆಲಸ ಮುಗಿಯಬೇಕಾದ ದಿನಾಂಕ ಇರುತ್ತದೆ. ಅದನ್ನು ಹಿಡಿದು ಎರಡು ಮೂರು ದಿನಕ್ಕೆ ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು, ಕೇಳಿದ ದಾಖಲೆಯನ್ನು ತೋರಿಸಿ ಬನ್ನಿ. ಎಷ್ಟೋ ಅರ್ಜಿ ತಿರಸ್ಕೃತವಾಗುವುದು ‘ಅರ್ಜಿದಾರರು ದಾಖಲೆ ಹಾಜರುಪಡಿಸಿಲ್ಲ’ ಎಂಬ ಒಂದೇ ಸಾಲಿನಿಂದ. ಪತ್ರ ಬಂದ ಮೇಲೆ ಹೆಸರು, ತಂದೆಯ ಹೆಸರು, ಪ್ರವರ್ಗ ಮೂರನ್ನೂ ಅಲ್ಲೇ ಓದಿ, ಆರ್‌ಡಿ ಸಂಖ್ಯೆಯನ್ನು ಅದೇ ತಾಣದಲ್ಲಿ ಹಾಕಿ ನೋಡಿ.

ತಿರಸ್ಕಾರವಾದರೆ ಕಾರಣ ಬರೆದ ಹಿಂಬರಹ ಕೇಳಿ ಪಡೆಯಿರಿ. ದಾಖಲೆ ಕೊರತೆಯಾದರೆ ಹೊಸ ಅರ್ಜಿಯೇ ಬೇಗ. ‘ದಿಗಂಬರ ಎಂಬುದಕ್ಕೆ ಆಧಾರವಿಲ್ಲ’ ಎಂದು ಜಾತಿಯನ್ನೇ ನಿರಾಕರಿಸಿದ್ದರೆ, ಆದೇಶ ಕೈಗೆ ಬಂದ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಪೌತಿ ಮ್ಯುಟೇಶನ್ ಆದೇಶ ಒಪ್ಪಿಗೆಯಾಗದಿದ್ದರೂ ಮೇಲ್ಮನವಿ ಹೋಗುವುದು ಅದೇ ಕಚೇರಿಗೆ, 1964ರ ಭೂ ಕಂದಾಯ ಅಧಿನಿಯಮದ 136(2)ನೇ ಕಲಮಿನ ಅಡಿ.